ಇಪ್ಪತ್ತರ ನಾಜಲ್

ಅಗ್ನಿಶಾಮಕ ಠಾಣೆಯಲ್ಲಿ ಅವನನ್ನು ಎಲ್ಲರೂ ಗೂಳಿ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲೇ ಬೆಚ್ಚಗೆ ಮಲಗಿತ್ತು. ಇಪ್ಪತ್ತೆರಡು ವರ್ಷದ ಸರ್ವೀಸು, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಷ್ಟು ಅಗಲದ ಬೆನ್ನು, ಮತ್ತು ತನಗೆ ತಿಳಿಯದ್ದು ಈ ಲೋಕದಲ್ಲಿ ಇಲ್ಲವೇ ಇಲ್ಲ ಎಂಬ ನಂಬಿಕೆ, ಇವು ಮೂರೂ ಅವನ ಆಸ್ತಿ. ಈಗ ಎಡಗಡೆಯ ಕೊರಳೆಲುಬು ಮುರಿದು ಕೈ ಜೋಳಿಗೆಯಲ್ಲಿ ನೇತಾಡುತ್ತಿದ್ದರೂ ಅವನು ಮೂರು ವಾರದಿಂದ ಬಲು ಖುಷಿಯಲ್ಲಿದ್ದ. ಹೆಂಡತಿಯ ತಮ್ಮನನ್ನು ಕೆಲಸದಿಂದ ಕಿತ್ತುಹಾಕಿಸುವ ದಿನ ಹತ್ತಿರ ಬಂದಿತ್ತು.

ಆ ಬಾಮೈದನೂ ಅದೇ ಠಾಣೆಯವನು. ಸಣಕಲು ಆಳು, ಅದಕ್ಕೇ ಕಡ್ಡಿ ಎಂಬ ಹೆಸರು. ಭಾವ ಬಾಮೈದರಿಗೆ ಎಣ್ಣೆ ಸೀಗೆಕಾಯಿ ಸಂಬಂಧ. ಎರಡು ವರ್ಷದ ಹಿಂದೆ ಕಡ್ಡಿಯ ತಾಯಿ ಸಾಯಲು ಬಿದ್ದಾಗ, ಕೊನೆಯ ವಾರ ಅಕ್ಕನನ್ನು ಕಳಿಸಿಕೊಡು ಎಂದು ಕಡ್ಡಿ ಭಾವನ ಮನೆ ಬಾಗಿಲಿಗೆ ಬಂದಿದ್ದ. "ನಾಳೆ ನೋಡೋಣ" ಎಂದ ಗೂಳಿ. ಆ ನಾಳೆ ಬರುವುದರೊಳಗೆ ಮುದುಕಿ ಹೋಗಿಬಿಟ್ಟಳು. ಅಂದಿನಿಂದ ಕಡ್ಡಿ ಭಾವನೊಂದಿಗೆ ಡ್ಯೂಟಿಯ ಮಾತು ಬಿಟ್ಟು ಒಂದಕ್ಷರ ಆಡಿದವನಲ್ಲ.

ಆದರೆ ಡ್ಯೂಟಿ ಪಟ್ಟಿಗೆ ಮನೆಜಗಳ ಗೊತ್ತಾಗುತ್ತದೆಯೇ? ಇಬ್ಬರನ್ನೂ ಒಂದೇ ನೀರಿನ ಹೋಸಿಗೆ ಹಾಕಿತ್ತು. ಹೋಸಿನ ತುದಿಗೆ ಸಿಕ್ಕಿಸುವ ಲೋಹದ ಕೊಳವೆಗೆ ಬ್ರಾಂಚ್ ಎನ್ನುತ್ತಾರೆ. ಅದನ್ನು ಹಿಡಿಯುವವನು ಮುಂದೆ; ಅವನ ಬೆನ್ನಿಗೆ ಭುಜ ಕೊಟ್ಟು, ಎರಡೂ ಕೈಯಲ್ಲಿ ಹೋಸ್ ಅವುಚಿಕೊಂಡು ನಿಲ್ಲುವವನು ಹಿಂದೆ. ನೀರು ಮುಂದಕ್ಕೆ ಹಾರುವಾಗ ಬ್ರಾಂಚು ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಮುಂದಿನವನು ಒಬ್ಬನೇ ತಾಳಲಾರ. ಆದ್ದರಿಂದ ಈ ಕಸುಬಿನಲ್ಲಿ ಯಾರಿಗೆ ಬೆನ್ನು ಕೊಡುತ್ತೀಯೋ ಅವನಿಗೆ ಪ್ರಾಣ ಕೊಟ್ಟಂತೆ. ಎರಡು ವರ್ಷ ಗೂಳಿ ತನ್ನ ಬೆನ್ನನ್ನು ಶತ್ರುವಿಗೇ ಕೊಟ್ಟು ನಿಂತಿದ್ದ, ಮತ್ತು ಅದಕ್ಕೆ ತನ್ನ ಧೈರ್ಯವೇ ಕಾರಣ ಎಂದುಕೊಂಡಿದ್ದ.

ಮೂರು ವಾರದ ಹಿಂದೆ, ಮಧ್ಯಾಹ್ನ ಮೂರರ ಹೊತ್ತಿಗೆ, ಪೀಠೋಪಕರಣದ ಗೋದಾಮಿಗೆ ಬೆಂಕಿ ಬಿದ್ದಿತ್ತು. ಇಬ್ಬರೂ ಪಕ್ಕದ ಬಾಗಿಲಿಂದ ಒಳಗೆ ನುಗ್ಗಿದರು. ನೆಲದ ತುಂಬ ಮರದ ಪುಡಿ, ಅದರ ಮೇಲೆ ನೀರು, ಕಾಲಿಟ್ಟರೆ ಅಂಬಲಿಯ ಮೇಲೆ ಇಟ್ಟಂತೆ. ಬ್ರಾಂಚಿನ ಮೂತಿಗೆ ಎಂದಿನಂತೆ ಹನ್ನೆರಡು ಮಿಲಿಮೀಟರ್ ಬಾಯಿಯ ನಾಜಲ್ ಇತ್ತು. ಆ ಸಣ್ಣ ಧಾರೆಗೆ ಒಳಗಿನ ಬೆಂಕಿ ಕ್ಯಾರೇ ಅನ್ನಲಿಲ್ಲ. ಗೂಳಿ ಬ್ರಾಂಚಿನ ಹಿಡಿ ಎಳೆದು ನೀರು ನಿಲ್ಲಿಸಿದ, ಹನ್ನೆರಡನ್ನು ತಿರುಗಿಸಿ ಬಿಚ್ಚಿ ಜೇಬಿಗೆ ಹಾಕಿಕೊಂಡ, ಇನ್ನೊಂದು ಜೇಬಿನಿಂದ ಇಪ್ಪತ್ತರ ನಾಜಲ್ ತೆಗೆದು ಹಾಕಿದ. ಹಿಂದಿನವನಿಗೆ ಹೇಳಲಿಲ್ಲ, ಪಂಪಿನವನಿಗೂ ಹೇಳಲಿಲ್ಲ. ಹೊಗೆಯಲ್ಲಿ ಕಡ್ಡಿಗೆ ಕಂಡದ್ದು ಭಾವನ ಬೆನ್ನು ಮಾತ್ರ. ಮತ್ತೆ ನೀರು ಬಿಟ್ಟಾಗ ನಾಲ್ಕೈದು ಉಸಿರಿನಷ್ಟು ಹೊತ್ತು ಎಲ್ಲ ಸರಿಯಿತ್ತು. ಆಮೇಲೆ ಬ್ರಾಂಚು ಒಮ್ಮೆಲೇ ಹಿಂದಕ್ಕೆ ನುಗ್ಗಿ, ಕೈ ತಪ್ಪಿಸಿಕೊಂಡು, ಎದ್ದು ಬಂದು ಅವನ ಕೊರಳೆಲುಬಿಗೆ ಬಡಿಯಿತು. ಬಿದ್ದವನು ತಿರುಗಿ ನೋಡಿದಾಗ ಕಡ್ಡಿ ನೆಲದ ಮೇಲಿದ್ದ, ಅವನ ಕೈಯಲ್ಲಿ ಹೋಸ್ ಇರಲಿಲ್ಲ. ಮೈಮೇಲೆ ಒಂದು ತರಚುಗಾಯವೂ ಇರಲಿಲ್ಲ.

ಗೂಳಿಗೆ ಅಷ್ಟೇ ಸಾಕಾಯಿತು. "ಬೇಕಂತಲೇ ಕೈಬಿಟ್ಟ" ಎಂದು ಆಸ್ಪತ್ರೆಯ ಹಾಸಿಗೆಯಿಂದಲೇ ಬರೆದುಕೊಟ್ಟ. ನಾಜಲ್ ಬದಲಿಸಿದ್ದನ್ನು ಬರೆಯಲಿಲ್ಲ. ಮುಚ್ಚಿಡಬೇಕೆಂದಲ್ಲ, ಬರೆಯುವಂಥ ವಿಷಯ ಅದು ಎಂದು ಅನಿಸಲೇ ಇಲ್ಲ. ಅಂಗಳಕ್ಕೆ ನೀರು ಹಾಕುವ ಪೈಪನ್ನು ಯಾರು ಹಿಡಿದಿಲ್ಲ? ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮಿ ಗೋಡೆ ದಾಟುತ್ತದೆ, ಬೆರಳು ತೆಗೆದರೆ ಕಾಲ ಬುಡದಲ್ಲೇ ಸುರಿಯುತ್ತದೆ. ಕಿರಿದು ಮಾಡಿದಷ್ಟೂ ರಭಸ, ರಭಸ ಹೆಚ್ಚಾದಷ್ಟೂ ಒದೆತ. ಇಪ್ಪತ್ತು ಅಗಲದ್ದು, ಆದ್ದರಿಂದ ಮೆತ್ತನೆಯದು. ಈ ಲೆಕ್ಕವನ್ನು ಅವನು ಎಷ್ಟೋ ವರ್ಷದಿಂದ ಹೊಸ ಹುಡುಗರಿಗೆ ಹೇಳಿಕೊಡುತ್ತ ಬಂದಿದ್ದ. ಬೆಂಕಿ ಆರಿದ ಮೇಲೆ ನಾಜಲ್‌ಗಳನ್ನೆಲ್ಲ ಬಿಚ್ಚಿ ತೊಳೆದು ಪೆಟ್ಟಿಗೆಗೆ ಹಾಕುವುದು ಠಾಣೆಯ ಕ್ರಮ. ಹಾಗಾಗಿ ಯಾವುದು ಬ್ರಾಂಚಿನ ಮೇಲಿತ್ತು ಎಂದು ಯಾರಿಗೂ ಗೊತ್ತಾಗಲಿಲ್ಲ, ಯಾರೂ ಕೇಳಲೂ ಇಲ್ಲ.

ವಿಚಾರಣೆಯ ದಿನ ಬೆಳಗ್ಗೆ ಹೆಂಡತಿ ಅವನ ಯೂನಿಫಾರ್ಮಿನ ಗುಂಡಿ ಹಾಕುತ್ತಿದ್ದಳು. ಒಂದು ಕೈಯಲ್ಲಿ ಅವನಿಗೆ ಅದೂ ಆಗುತ್ತಿರಲಿಲ್ಲ.

"ರೀ, ಇನ್ನೊಂದ್ಸಲ ಯೋಚ್ನೆ ಮಾಡಿ," ಎಂದಳು. "ಅವನು ಅಂಥವನಲ್ಲ. ನಿಮ್ಮ ಮೇಲೆ ಸಿಟ್ಟಿದೆ, ಇಲ್ಲ ಅನ್ನಲ್ಲ. ಆದ್ರೆ ಹಿಡಿದಿದ್ದನ್ನ ಬಿಡೋನಲ್ಲ ಅವನು."

"ನಿನ್ನ ತಮ್ಮ ಅಲ್ವಾ, ಹಂಗೇ ಹೇಳ್ತೀಯ."

"ನನ್ನ ತಮ್ಮ ಅಂತಾನೇ ಗೊತ್ತಿರೋದು ನಂಗೆ."

"ಈ ಎಲುಬು ನೋಡು. ಇದನ್ನ ಯಾರು ಮುರಿದ್ರು? ನಾನೇ ಮುರ್ಕೊಂಡ್ನಾ?"

ಅವಳು ಕೊನೆಯ ಗುಂಡಿಯನ್ನು ಹಾಕದೆ ಹಾಗೇ ಬಿಟ್ಟು ಅಡುಗೆಮನೆಗೆ ಹೋದಳು. "ಅವನ ಕೆಲ್ಸ ಹೋದ್ರೆ ಈ ಮನೇಲಿ ನಿಮಗೆ ಅನ್ನ ಬಡಿಸೋ ಕೈ ನಂದಾಗಿರಲ್ಲ," ಎಂದು ಅಲ್ಲಿಂದಲೇ ಹೇಳಿದಳು. ಗೂಳಿ ನಕ್ಕ. ಮನೆಯ ಮಾತಿಗೆ ಹೆದರುವವನು ಬೆಂಕಿಗೆ ಇಳಿಯುತ್ತಾನೆಯೇ?

ಠಾಣೆಯ ಅಂಗಳದಲ್ಲಿ ಪಾಳಿಯವರೆಲ್ಲ ಸಾಲಾಗಿ ನಿಂತಿದ್ದರು. ಕಡ್ಡಿ ಗೋಡೆಯ ಹತ್ತಿರ ಒಬ್ಬನೇ ನಿಂತಿದ್ದ. ಎರಡು ಮಾರು ಜಾಗ ಬಿಟ್ಟು ಉಳಿದವರು. ಮೂರು ವಾರದಿಂದ ಅವನ ಪಕ್ಕ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ, ಅವನಿಗೆ ಬೆನ್ನು ಕೊಟ್ಟು ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ. ಅದನ್ನು ಕಂಡು ಗೂಳಿಯ ಹೊಟ್ಟೆ ತಣ್ಣಗಾಯಿತು.

ವಿಚಾರಣೆಗೆ ಕೇಂದ್ರ ಕಚೇರಿಯಿಂದ ಬಂದವರು ಒಬ್ಬ ಹೆಂಗಸು, ಮೂವತ್ತೈದರ ಆಸುಪಾಸು, ಎಲ್ಲರ ಬಾಯಲ್ಲೂ ಮೇಡಂ. ಕುರ್ಚಿ ಹಾಕಿದರೂ ಕೂರಲಿಲ್ಲ. ಮೊದಲು ಪಂಪಿನಜ್ಜನನ್ನು ಕರೆದರು. ಪಂಪ್ ನಡೆಸಿ ನಡೆಸಿ ಕಿವಿ ಮಂದವಾದ, ಇನ್ನು ನಾಲ್ಕು ತಿಂಗಳಿಗೆ ನಿವೃತ್ತನಾಗುವ ಮನುಷ್ಯ.

"ಆವತ್ತು ಪಂಪ್ ಹತ್ರ ಏನಾಯ್ತು?"

"ಏನಿಲ್ಲ ಮೇಡಂ. ಒತ್ತಡದ ಗೇಜ್ ಮುಳ್ಳು ಏಳರಲ್ಲಿತ್ತು. ನಡುವೆ ಸ್ವಲ್ಪ ಹೊತ್ತು ನೀರು ನಿಲ್ಸಿದ್ರು ಅನ್ಸುತ್ತೆ. ಮತ್ತೆ ಬಿಟ್ಟಾಗ ಮುಳ್ಳು ಮೂರೂವರೆಗೆ ಇಳೀತು. ನಾನು ಎಂಜಿನ್ ಏರ್ಸಿ ಏಳಕ್ಕೆ ತಂದೆ. ಮುಳ್ಳು ಏಳರಲ್ಲಿ ಇರ್ಬೇಕು ಅನ್ನೋದು ನನ್ನ ಕೆಲ್ಸ."

"ಯಾಕೆ ಇಳೀತು?"

"ಅದು ನಂಗೊತ್ತಿಲ್ಲ. ನಾನಿದ್ದಿದ್ದು ಹೊರಗೆ."

ಮೇಡಂ ಅದನ್ನು ಬರೆದುಕೊಂಡು ಕಡ್ಡಿಯ ಕಡೆ ತಿರುಗಿದರು. ಅವನು ಹೇಳಿದ್ದು ನಾಲ್ಕೇ ಮಾತು. "ನಾನು ಬಿಡ್ಲಿಲ್ಲ. ಮುಂದಿಂದ ತಳ್ಳಿಬಂತು. ಕಾಲು ಜಾರಿ ಬಿದ್ದೆ. ಹೋಸ್ ಕಿತ್ಕೊಂಡು ಹೋಯ್ತು."

"ಎರಡು ವರ್ಷದ ದ್ವೇಷ ಇದೆ ಅಂತಾರಲ್ಲ?"

"ಇದೆ," ಎಂದ ಕಡ್ಡಿ. "ಇನ್ನೂ ಇದೆ."

ಸಾಲಿನಲ್ಲಿ ಗುಸುಗುಸು ಎದ್ದಿತು. ತನ್ನ ಕತ್ತಿಗೆ ತಾನೇ ಹಗ್ಗ ಹಾಕಿಕೊಂಡನಲ್ಲ ಎಂದು ಗೂಳಿ ಮೀಸೆಯ ಒಳಗೇ ನಕ್ಕ.

"ಆ ಒದೆತ ಎಷ್ಟು ಅಂತ ಅಳೆದು ನೋಡೋಣ," ಎಂದರು ಮೇಡಂ. ಅದಕ್ಕಾಗಿ ಏನೇನೋ ತಂದಿದ್ದರು. ಸಿಲಿಂಡರ್ ಸಾಗಿಸುವ ನಾಲ್ಕು ಚಕ್ರದ ಗಾಡಿಯ ಮೇಲೆ ಬ್ರಾಂಚನ್ನು ಬಿಗಿಯಾಗಿ ಕಟ್ಟಿಸಿದರು. ಗಾಡಿಯ ಮುಂಭಾಗಕ್ಕೆ ಹಗ್ಗ, ಹಗ್ಗದ ನಡುವೆ ಮೂಟೆ ತೂಗುವ ಕೊಕ್ಕೆ ತಕ್ಕಡಿ, ಹಗ್ಗದ ಇನ್ನೊಂದು ತುದಿ ಎದುರಿನ ಕಬ್ಬಿಣದ ಕಂಬಕ್ಕೆ. ಗಾಡಿ ಹಿಂದಕ್ಕೆ ಹೊರಟರೆ ಹಗ್ಗ ಬಿಗಿಯುತ್ತದೆ, ತಕ್ಕಡಿ ಎಷ್ಟೆಂದು ಹೇಳುತ್ತದೆ. ಠಾಣಾಧಿಕಾರಿ ಹೋಸನ್ನು ಗಾಡಿಯ ಹಿಂದೆ ನೆಟ್ಟಗೆ ಹಾಸಲು ಹೋದರು. ಮೇಡಂ ತಡೆದರು.

"ನೆಟ್ಟಗೆ ಬೇಡ. ಪಕ್ಕದಿಂದ ತಂದು ಗಾಡಿ ಮೇಲೇ ತಿರುಗಿಸಿ ಕಟ್ಟಿ. ಹೋಸ್ ಹಿಂದೆ ನೇರವಾಗಿ ನೆಲ ಕಚ್ಚಿ ಮಲಗಿದ್ರೆ ಒದೆತ ಹೋಸಿನ ಮೂಲಕ ನೆಲಕ್ಕೆ ಹೋಗುತ್ತೆ, ತಕ್ಕಡಿಗೆ ಪೂರ್ತಿ ಬರಲ್ಲ. ಗೋದಾಮಿನ ಬಾಗಿಲಲ್ಲಿ ಹೋಸ್ ಹೇಗಿತ್ತು?"

"ಬಾಗಿಲ ಹತ್ರ ಮೂಲೆಗೆ ತಿರುಗಿತ್ತು," ಎಂದ ಕಡ್ಡಿ.

"ಹಾಗಾದ್ರೆ ಆವತ್ತು ನೆಲ ಸಹಾಯ ಮಾಡಿಲ್ಲ. ಎಲ್ಲ ನಿಮ್ಮಿಬ್ಬರ ಮೈಮೇಲೇ ಬಂದಿದೆ."

ಗೂಳಿಗೆ ಇದೆಲ್ಲ ಹೆಣ್ಣುಮಗಳ ಬೊಂಬೆಯಾಟದಂತೆ ಕಂಡಿತು. ಪುಸ್ತಕ ಓದಿದವರಿಗೆ ಹೊಗೆಯ ರುಚಿ ಗೊತ್ತೇ?

ಪೆಟ್ಟಿಗೆಯಿಂದ ಹನ್ನೆರಡರ ನಾಜಲ್ ತೆಗೆದು ಹಾಕಿದರು. ಠಾಣೆಯಲ್ಲಿ ಯಾವಾಗಲೂ ಹಾಕುವುದು ಅದೇ. ಪಂಪಿನಜ್ಜ ಮುಳ್ಳನ್ನು ಏಳಕ್ಕೆ ತಂದ. ಸಣ್ಣ ಧಾರೆ ಬೆಳ್ಳಗೆ ಚಿಮ್ಮಿ ಅಂಗಳದಾಚೆಯ ಗೋಡೆಗೆ ಬಡಿಯಿತು. ಗಾಡಿ ಹಿಂದಕ್ಕೆ ಜಗ್ಗಿತು, ತಕ್ಕಡಿ ಹದಿನಾರು ಕಿಲೋದಲ್ಲಿ ನಿಂತಿತು.

ನೀರು ನಿಲ್ಲಿಸಿದರು. ಹದಿನಾರು ಕಿಲೋ ಎಂದರೆ ಏನು? ಇಬ್ಬರು ತರಬೇತಾದ ಗಂಡಸರು ಕೂತು ಹರಟುತ್ತ ತಾಳಬಹುದಾದ ಭಾರ. ಮೇಡಂ ಹುಬ್ಬು ಗಂಟಿಕ್ಕಿದರು. ಕಡ್ಡಿಯನ್ನು ನೋಡಿದರು. ಅವನು ತಕ್ಕಡಿಯನ್ನು ನೋಡುತ್ತಿದ್ದ.

"ಇಷ್ಟಕ್ಕೆ ಇಬ್ಬರ ಕೈಯಿಂದ ಹೋಸ್ ಕಿತ್ಕೊಂಡು ಹೋಗಲ್ಲ," ಎಂದರು ಮೇಡಂ ನಿಧಾನವಾಗಿ. "ಒಬ್ಬರು ಬಿಟ್ಟಿರಬೇಕು."

ಗೆದ್ದಾಗಿತ್ತು. ಮೇಡಂ ಪೆನ್ನಿನ ಮುಚ್ಚಳ ತೆಗೆದಿದ್ದರು. ಗೂಳಿ ಇನ್ನೆರಡು ನಿಮಿಷ ಬಾಯಿ ಹೊಲಿದುಕೊಂಡಿದ್ದರೆ ಬಾಮೈದನ ಯೂನಿಫಾರ್ಮು ಅವತ್ತೇ ಸ್ಟೋರಿಗೆ ಹೋಗುತ್ತಿತ್ತು. ಆದರೆ ಗೆದ್ದ ಗೂಳಿಗೆ ಸುಮ್ಮನಿರುವುದು ಗೊತ್ತೇ? ಬಿದ್ದವನ ಎದೆಯ ಮೇಲೆ ಇನ್ನೊಂದು ಕಾಲು ಊರದೆ ಅವನಿಗೆ ಸಮಾಧಾನವಾಗದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಮೇಡಂ, ಅದೂ ಇಷ್ಟಿರ್ಲಿಲ್ಲ," ಎಂದು ಅವನು ಸಾಲಿನಿಂದ ಮುಂದೆ ಬಂದ. "ನೀವು ಅಳೆದಿದ್ದು ಹನ್ನೆರಡರಲ್ಲಿ. ಆವತ್ತು ನಾನು ಇಪ್ಪತ್ತು ಹಾಕಿದ್ದೆ. ಅಗಲದ್ದು, ಮೆತ್ತಗಿರುತ್ತೆ. ಅಷ್ಟು ಮೆತ್ತಗಿದ್ರೂ ಇವನ ಕೈಲಿ ನಿಲ್ಲಲಿಲ್ಲ ಅಂದ್ರೆ ಬೇಕಂತ ಬಿಟ್ಟಿದ್ದಲ್ದೆ ಇನ್ನೇನು?"

ಮೇಡಂ ಪೆನ್ನು ಮುಚ್ಚಿದರು.

"ಇಪ್ಪತ್ತು ಹಾಕಿದ್ರಾ? ಯಾವಾಗ?"

"ನಡುವೆ. ನೀರು ನಿಲ್ಸಿ ಬದಲಾಯ್ಸಿದೆ."

"ಪಂಪಿನವರಿಗೆ ಹೇಳಿದ್ರಾ? ಹಿಂದಿದ್ದವರಿಗೆ?"

"ಇದರಲ್ಲಿ ಹೇಳೋದೇನಿದೆ ಮೇಡಂ?"

ಪಂಪಿನಜ್ಜ ಎಂಜಿನ್ನಿನ ಪಕ್ಕದಿಂದ ತಲೆ ಎತ್ತಿದ. ಮಂದ ಕಿವಿಗೂ ಆ ಮಾತು ಕೇಳಿಸಿತ್ತು. "ಅಯ್ಯೋ ಪುಣ್ಯಾತ್ಮ," ಎಂದ, "ಮುಳ್ಳು ಇಳಿದಿದ್ದು ಅದಕ್ಕಾ?"

"ಇಪ್ಪತ್ತರ ನಾಜಲ್ ಹಾಕಿ," ಎಂದರು ಮೇಡಂ.

ಹಾಕಿದರು. ನೀರು ಬಿಟ್ಟರು. ಗೇಜಿನ ಮುಳ್ಳು ಏಳರಿಂದ ಜಾರಿ ಮೂರೂವರೆಗೆ ಬಂತು, ಧಾರೆ ದಪ್ಪಗಿದ್ದರೂ ಸೋತಂತೆ ಗೋಡೆಯ ಈಚೆಗೇ ಬಿತ್ತು. ತಕ್ಕಡಿ ಇಪ್ಪತ್ತೆರಡು ತೋರಿಸಿತು. ಗೂಳಿ ಸುತ್ತಲೂ ನೋಡಿದ, ಮೆತ್ತಗಿದೆಯೋ ಇಲ್ಲವೋ ಎನ್ನುವ ಹಾಗೆ.

"ಈಗ ಆವತ್ತು ಮಾಡಿದ ಹಾಗೇ ಮಾಡಿ ಅಜ್ಜ. ಮುಳ್ಳು ಏಳಕ್ಕೆ ಬರ್ಲಿ."

ಎಂಜಿನ್ ಗುಡುಗಿತು. ಧಾರೆ ನೆಟ್ಟಗಾಯಿತು, ಗೋಡೆಯನ್ನು ಮುಟ್ಟಿತು, ಗೋಡೆಯ ಗಾರೆಯನ್ನು ಕೀಳತೊಡಗಿತು. ಹಗ್ಗ ತಂತಿಯಂತೆ ಬಿಗಿಯಿತು. ಗಾಡಿ ನಡುಗುತ್ತ ಹಿಂದಕ್ಕೆ ಜಗ್ಗಿ ನಿಂತಿತು. ತಕ್ಕಡಿಯ ಮುಳ್ಳು ಮೂವತ್ತು ದಾಟಿತು, ನಲವತ್ತು ದಾಟಿತು, ನಲವತ್ತೈದರ ಹತ್ತಿರ ಅಲ್ಲಾಡುತ್ತ ನಿಂತಿತು. ಠಾಣಾಧಿಕಾರಿ ಬಗ್ಗಿ ಎರಡು ಸಲ ಓದಿದರು.

"ತಕ್ಕಡಿ ಕೆಟ್ಟಿದೆ," ಎಂದ ಗೂಳಿ.

ಮೇಡಂ ನೀರು ನಿಲ್ಲಿಸಿ ಮತ್ತೆ ಹನ್ನೆರಡನ್ನು ಹಾಕಿಸಿದರು. ಹದಿನಾರು. ಮತ್ತೆ ಇಪ್ಪತ್ತು. ನಲವತ್ತೈದು. ಎರಡನೇ ಸಲ ಗೂಳಿಯೇ ಬಗ್ಗಿ ತಕ್ಕಡಿ ಓದಿದ. ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

"ಅದ್ಹೇಗೆ ಆಗುತ್ತೆ ಮೇಡಂ? ಪೈಪಿನ ಬಾಯಿಗೆ ಬೆರಳು ಒತ್ತಿದ್ರೆ ತಾನೆ ನೀರು ಜೋರಾಗಿ ಹೋಗೋದು? ಅಗಲ ಮಾಡಿದ್ರೆ ಸುರಿಯುತ್ತೆ. ಮಕ್ಕಳಿಗೂ ಗೊತ್ತು."

"ಮಕ್ಕಳ ಮನೇಲಿ ಪಂಪಿನಜ್ಜ ಇರಲ್ಲ," ಎಂದರು ಮೇಡಂ. ಯಾರೋ ಕಿಸಕ್ಕೆಂದರು. "ಹೋಸಿನಲ್ಲಿ ಬರೋ ನೀರಿಗೆ ಒತ್ತಡ ಜಾಸ್ತಿ, ಓಟ ಕಡಿಮೆ. ನಾಜಲ್ಲಿನ ಕಿರಿದಾದ ಬಾಯಿಗೆ ಬಂದಾಗ ಒಂದು ಸೆಕೆಂಡಿಗೆ ಹಿಂದಿಂದ ಎಷ್ಟು ನೀರು ಬರುತ್ತೋ ಅಷ್ಟೂ ಆ ಕಿಂಡಿಯಿಂದಲೇ ಹೋಗ್ಬೇಕು. ನೀರನ್ನ ಅದುಮಿ ಸಣ್ಣದು ಮಾಡೋಕಾಗಲ್ಲ, ಹಾಗಾಗಿ ಓಡ್ಲೇಬೇಕು. ಹಿಂದಿನ ಒತ್ತಡವೇ ಅದನ್ನ ತಳ್ಳಿ ಓಡಿಸುತ್ತೆ. ಒತ್ತಡ ಖರ್ಚಾಗಿ ಓಟ ಆಗುತ್ತೆ. ಎಷ್ಟು ಓಟ ಅನ್ನೋದು ಬಾಯಿಯ ಹತ್ರ ಒತ್ತಡ ಎಷ್ಟಿದೆ ಅನ್ನೋದರ ಮೇಲೆ. ನಿಮ್ಮ ಮನೆ ನಲ್ಲೀಲಿ ಬೆರಳು ತೆಗೆದ್ರೆ ಜಾಸ್ತಿ ನೀರು ಹರಿದು ಒತ್ತಡ ದಾರಿಯಲ್ಲೇ ಕಳೆದುಹೋಗುತ್ತೆ, ಅದಕ್ಕೆ ಸುರಿಯುತ್ತೆ. ಇಲ್ಲಿ ಅಜ್ಜ ಒತ್ತಡವನ್ನ ಮತ್ತೆ ಏಳಕ್ಕೆ ತಂದ್ರು. ಏಳು ಅಂದ್ರೆ ಏಳೇ. ಹನ್ನೆರಡರಲ್ಲಿ ನೀರು ಎಷ್ಟು ವೇಗದಲ್ಲಿ ಹೊರಟಿತ್ತೋ ಇಪ್ಪತ್ತರಲ್ಲೂ ಅಷ್ಟೇ ವೇಗ. ಆದ್ರೆ ಅದರಲ್ಲಿ ಸೆಕೆಂಡಿಗೆ ನಾಲ್ಕು ಲೀಟರ್, ಇದರಲ್ಲಿ ಹನ್ನೆರಡು ಲೀಟರಿನ ಹತ್ರ."

ಅವರು ಗೂಳಿಯ ಎದುರಿಗೆ ಬಂದು ನಿಂತರು. "ದೋಣಿಯಿಂದ ದಡಕ್ಕೆ ಹಾರಿದವನು ದೋಣಿಯನ್ನ ಹಿಂದಕ್ಕೆ ಒದ್ದೇ ಹಾರ್ತಾನೆ. ಸಣ್ಣ ಹುಡುಗ ಹಾರಿದ್ರೆ ದೋಣಿ ಅಲುಗುತ್ತೆ, ನಿಮ್ಮಂಥವರು ಅದೇ ರಭಸದಲ್ಲಿ ಹಾರಿದ್ರೆ ಹಿಂದಕ್ಕೆ ಓಡುತ್ತೆ. ನೀರೂ ಹಾಗೇ. ಬರೀ ವೇಗ ಅಲ್ಲ, ಎಷ್ಟು ನೀರು ಆ ವೇಗದಲ್ಲಿ ಹಾರ್ತಿದೆ ಅನ್ನೋದು ಮುಖ್ಯ. ಮೂರರಷ್ಟು ನೀರು, ಸುಮಾರು ಮೂರರಷ್ಟು ಒದೆತ. ಹದಿನಾರು ಕಿಲೋಗೆ ಅಂತ ಕಾಲೂರಿ ನಿಂತಿದ್ದವನಿಗೆ, ಒದ್ದೆ ಪುಡಿಯ ಮೇಲೆ, ಹೇಳದೆ ಕೇಳದೆ ನಲವತ್ತೈದು ಕೊಟ್ರಿ."

ಸಾಲಿನಲ್ಲಿದ್ದವರು ಗೂಳಿಯನ್ನು ನೋಡಿದ ರೀತಿ ಅವನಿಗೆ ಗುರುತಿತ್ತು. ಮೂರು ವಾರದಿಂದ ಕಡ್ಡಿಯನ್ನು ಹಾಗೇ ನೋಡುತ್ತಿದ್ದರು. ತಮಗೆ ಬೇಸಾಯ ಕಲಿಸಿದವನ ಮಾತನ್ನು ನಂಬಿ ಬೆಳೆ ಸುಟ್ಟುಕೊಂಡವರ ಸಿಟ್ಟು ಅದರಲ್ಲಿತ್ತು, ಏಕೆಂದರೆ ಅವರಲ್ಲಿ ಅರ್ಧ ಜನಕ್ಕೆ 'ಅಗಲದ್ದು ಮೆತ್ತಗೆ' ಎಂದು ಹೇಳಿಕೊಟ್ಟವನು ಇವನೇ.

"ಇನ್ನೊಂದು ಪ್ರಶ್ನೆ," ಎಂದರು ಮೇಡಂ. "ನೀವು ಬಿದ್ದ ಮೇಲೆ ಹೋಸ್ ಹಾವಿನ ಹಾಗೆ ಹೊಡ್ಕೋತಿತ್ತಲ್ಲ, ನಿಮ್ಮ ತಲೆಗೆ ಯಾಕೆ ಬಡೀಲಿಲ್ಲ?"

ಗೂಳಿ ಜೋಳಿಗೆಯ ಗಂಟು ಸರಿಮಾಡಿಕೊಂಡ. ಅವನಿಗೆ ನೆನಪಿತ್ತು. ಬಿದ್ದಲ್ಲಿಂದ ಕಡ್ಡಿ ಮೊಣಕೈಯಲ್ಲಿ ತೆವಳಿ ಬಂದು, ಕುಣಿಯುತ್ತಿದ್ದ ಹೋಸಿನ ಮೇಲೆ ಅಡ್ಡ ಬಿದ್ದು, ಪಂಪು ನಿಲ್ಲುವ ತನಕ ಎದೆಯಿಂದ ಒತ್ತಿ ಹಿಡಿದಿದ್ದ. ಇದನ್ನೂ ಗೂಳಿ ಬರೆದುಕೊಟ್ಟಿರಲಿಲ್ಲ. ಇದನ್ನು ಮಾತ್ರ ಬೇಕೆಂದೇ ಬಿಟ್ಟಿದ್ದ. ಈಗ ಅದನ್ನು ನೆನೆದು ಅವನಿಗೆ ಕಿವಿಯವರೆಗೂ ಸುಡುವಷ್ಟು ನಾಚಿಕೆಯಾಯಿತು, ಆ ನಾಚಿಕೆಯ ಜೊತೆಗೇ ಬಾಮೈದನ ಮೇಲೆ ಇನ್ನಷ್ಟು ಸಿಟ್ಟು ಬಂತು. ಉಪಕಾರ ಮಾಡಿದವನನ್ನು ದ್ವೇಷಿಸುವಷ್ಟು ಸುಲಭವಾಗಿ ಮನುಷ್ಯ ಇನ್ನಾರನ್ನೂ ದ್ವೇಷಿಸಲಾರ.

ಮೇಡಂ ಅಲ್ಲೇ ನಿಂತು ಬರೆದು ಓದಿದರು. ಹಿಂದಿದ್ದವನ ತಪ್ಪಿಲ್ಲ. ಯಾರಿಗೂ ತಿಳಿಸದೆ ನಾಜಲ್ ಬದಲಿಸಿದ್ದು, ಹೇಳಿಕೆಯಲ್ಲಿ ಅದನ್ನು ಬಿಟ್ಟದ್ದು ಮುಂದಿದ್ದವನ ತಪ್ಪು. ಅವನಿಗೆ ಎಚ್ಚರಿಕೆ ಕೊಡಲಾಗಿದೆ; ಎಲುಬು ಕೂಡಿದ ಮೇಲೆ ಕೆಲಸಕ್ಕೆ ಹಿಂತಿರುಗಬಹುದು. ಕಾಗದ ಠಾಣಾಧಿಕಾರಿಯ ಕೈಗೆ ಕೊಟ್ಟು ಜೀಪು ಹತ್ತಿದರು.

ಠಾಣಾಧಿಕಾರಿಗೆ ಜಗಳ ಬೇಕಿರಲಿಲ್ಲ, ಡ್ಯೂಟಿ ಪಟ್ಟಿ ತುಂಬಿದರೆ ಸಾಕಿತ್ತು. "ಸರಿ, ಆಗಿದ್ದಾಯ್ತು," ಎಂದರು. "ಮುಂದಿನ ತಿಂಗಳಿಂದ ಮೊದಲಿನ ಹಾಗೇ. ಗೂಳಿ ಮುಂದೆ, ಕಡ್ಡಿ ಹಿಂದೆ. ಮನೆಯವರು ಮನೆಯವರು, ಕೈ ಕುಲುಕಿ."

ಕಡ್ಡಿ ಗೋಡೆಯ ಹತ್ತಿರದಿಂದ ನಡೆದು ಬಂದ. ಗೂಳಿ ತನ್ನ ಸರಿಯಿದ್ದ ಕೈಯನ್ನು ಅರ್ಧ ಎತ್ತಿದ, ಎತ್ತಿದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟ. ಕಡ್ಡಿ ಆ ಕೈಯನ್ನು ನೋಡಲೇ ಇಲ್ಲ, ಮುಖವನ್ನೇ ನೋಡಿದ. ಎರಡು ವರ್ಷದಲ್ಲಿ ಮೊದಲ ಸಲ ಡ್ಯೂಟಿಯದಲ್ಲದ ಮಾತು ಆಡಿದ.

"ಆವತ್ತು ನಾನು ಬಿಟ್ಟಿರ್ಲಿಲ್ಲ ಭಾವ. ಇನ್ಮೇಲೆ ಹಿಡಿಯಲ್ಲ."

ಅಷ್ಟು ಹೇಳಿ ಅವನು ಸಾಲಿಗೆ ಹೋಗಿ ನಿಂತ. ಈ ಸಲ ಪಕ್ಕದವರು ಸರಿದು ಅವನಿಗೆ ಜಾಗ ಮಾಡಿಕೊಟ್ಟರು.

"ಹಾಗಂದ್ರೆ ಹೇಗಪ್ಪ?" ಎಂದರು ಠಾಣಾಧಿಕಾರಿ. "ಯಾರಾದ್ರೂ ನಿಲ್ಲಲೇಬೇಕಲ್ಲ. ಇವನ ಹಿಂದೆ ಯಾರು ನಿಲ್ತೀರಾ?"

ಹನ್ನೊಂದು ಜನ ಇದ್ದರು. ಒಬ್ಬ ಶೂ ಲೇಸು ನೋಡಿಕೊಂಡ, ಒಬ್ಬ ಒದ್ದೆ ಗೋಡೆ ನೋಡಿದ. ಕಾಲು ಜಾರಿದರೆ ಕೊಲೆಗಾರ ಅನ್ನಿಸಿಕೊಳ್ಳಬೇಕಾದ ಜಾಗಕ್ಕೆ ಯಾರು ಹೋಗುತ್ತಾರೆ? ಗೂಳಿ ಒಬ್ಬೊಬ್ಬರ ಮುಖವನ್ನೂ ಹುಡುಕಿದ. ಅರ್ಧ ಜನ ತಾನೇ ತರಬೇತಿ ಕೊಟ್ಟವರು. ಅವನಿಗೆ ಜೀವನದಲ್ಲಿ ಮೊದಲ ಬಾರಿಗೆ ತನ್ನ ಬೆನ್ನಿನ ಹಿಂದೆ ಎಷ್ಟು ಗಾಳಿ ಇದೆ ಎಂದು ತಿಳಿದು ಭಯವಾಯಿತು.

ಠಾಣಾಧಿಕಾರಿ ಮತ್ತೊಮ್ಮೆ ಕೇಳಿದರು. ಪಂಪಿನಜ್ಜ ಎಂಜಿನ್ ನಿಲ್ಲಿಸಿ, ಹೋಸಿನಲ್ಲಿ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲತೊಡಗಿದ.